ಪಟ್ಟಿಯ ಲೆಕ್ಕವೂ ಗುಂಡಿಯ ಲೆಕ್ಕವೂ

ತಗಡಿನ ಬೇಲಿ ಹಾಕಿ, ಒಳಗೆ ಹೊಸ ಕಟ್ಟಡವೊಂದನ್ನು ಎಬ್ಬಿಸುತ್ತಿರುವ ದೃಶ್ಯವನ್ನು ಮುಂಬಯಿಯಲ್ಲಿ ಬೆಳೆಯುತ್ತಿರುವ ನೀವು ದಿನವೂ ಕಾಣುತ್ತಿದ್ದೀರಿ. ಬೇಲಿಯ ಸಂದಿನಿಂದ ಇಣುಕಿದರೆ ಮಣ್ಣು ಅಗೆಯುವವರು, ಕಬ್ಬಿಣದ ಸಲಾಕೆಗಳನ್ನು ಬಾಗಿಸುವವರು, ಕಾಂಕ್ರೀಟಿನ ಬುಟ್ಟಿ ಹೊರುವವರು ಕಣ್ಣಿಗೆ ಬೀಳುತ್ತಾರೆ. ಆದರೆ ಸಂಜೆ ಕೆಲಸ ನಿಂತ ಮೇಲೆ, ಮೂಲೆಯ ತಗಡಿನ ಕೊಠಡಿಯಲ್ಲಿ ಕುಳಿತು ಎಂಜಿನಿಯರನೊಬ್ಬನು ತುಂಬುವ ಒಂದು ಹಾಳೆ ಮಾತ್ರ ದಾರಿಹೋಕರಿಗೆ ಕಾಣುವುದಿಲ್ಲ. ಆ ಹಾಳೆಗೆ ದೈನಂದಿನ ಪ್ರಗತಿ ವರದಿಯೆಂದು ಹೆಸರು. ಈ ದಿನ ಯಾವ ಕೆಲಸ ಎಷ್ಟಾಯಿತು, ಇದುವರೆಗೆ ಒಟ್ಟು ಎಷ್ಟಾಯಿತು, ಆಗಬೇಕಾದದ್ದು ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರುತ್ತದೆ. ಇರಬೇಕು ಎಂದರೆ ಹೆಚ್ಚು ಸರಿಯಾದೀತು. ನಾವು ಬಹುಕಾಲ ಇಂಥ ಹಾಳೆಗಳನ್ನು ತುಂಬಿದವರು. ಪ್ರಾರಂಭದಲ್ಲಿ ಅವನ್ನು ತಪ್ಪಾಗಿ ತುಂಬಿದವರೂ ಹೌದು. ಆ ತಪ್ಪುಗಳ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇವೆ. ಏಕೆಂದರೆ ಈ ವರದಿಯ ಮರ್ಮ ನಮಗೆ ತಿಳಿದುಬಂದದ್ದು ಆ ದಾರಿಯಿಂದಲೇ.

ಮೊದಲು ಪಟ್ಟಿಯ ವಿಷಯ. ಕಟ್ಟಡದ ನಕ್ಷೆ ಸಿದ್ಧವಾದೊಡನೆ, ಅದರಲ್ಲಿರುವ ಪ್ರತಿಯೊಂದು ಕೆಲಸದ ಮೊತ್ತವನ್ನು ಲೆಕ್ಕಹಾಕಿ ಒಂದು ಪಟ್ಟಿಯನ್ನು ಮಾಡುತ್ತಾರೆ. ಇದು ಪರಿಮಾಣಗಳ ಪಟ್ಟಿ. ಕೆಲಸದ ಸ್ಥಳದಲ್ಲಿ ಎಲ್ಲರೂ ಇದನ್ನು ಬಿ.ಓ.ಕ್ಯೂ. ಎಂದೇ ಕರೆಯುತ್ತಾರೆ. ಅದರ ಪ್ರತಿಯೊಂದು ಸಾಲಿನಲ್ಲಿಯೂ ಕೆಲಸದ ವಿವರಣೆ, ಪರಿಮಾಣ, ಮಾನ, ದರ ಮತ್ತು ಮೊತ್ತಗಳಿರುತ್ತವೆ. ಗುತ್ತಿಗೆದಾರನು ದರವನ್ನು ಒಪ್ಪಿಕೊಂಡಿರುತ್ತಾನೆ. ಪರಿಮಾಣವಾದರೋ ಕೇವಲ ಅಂದಾಜು. ಕೊನೆಯಲ್ಲಿ ಅವನಿಗೆ ಹಣ ಸಲ್ಲುವುದು ಪಟ್ಟಿಯಲ್ಲಿ ಬರೆದಷ್ಟಕ್ಕಲ್ಲ, ನಿಜವಾಗಿ ಅಳೆದು ಒಪ್ಪಿದಷ್ಟಕ್ಕೆ. ನೆಲದ ಮೇಲಿನ ಗೋಡೆಯನ್ನು ಎಷ್ಟು ದಿನದ ಮೇಲಾದರೂ ಅಳೆಯಬಹುದು. ನೆಲದೊಳಗಿನ ಕೆಲಸ ಹಾಗಲ್ಲ. ಅದರ ಮೇಲೆ ಕಾಂಕ್ರೀಟು ಬಿದ್ದರೆ, ಅನಂತರ ಮಣ್ಣು ಮುಚ್ಚಿದರೆ, ಆಮೇಲೆ ಯಾವ ಟೇಪಿಗೂ ಅದು ಸಿಕ್ಕುವುದಿಲ್ಲ. ಆದುದರಿಂದ ಪಾಯದ ಕೆಲಸ ನಡೆಯುವ ದಿನಗಳಲ್ಲಿ ಬರೆದ ವರದಿಗೆ ಬೇರೆ ದಿನಗಳ ವರದಿಗಿಂತ ಹೆಚ್ಚಿನ ಬೆಲೆ.

ನಾವು ಮೊದಲು ಕೆಲಸಕ್ಕೆ ಸೇರಿದ್ದು ಮುಂಬಯಿಯ ಒಂದು ಉಪನಗರದಲ್ಲಿ, ಖಾಡಿಗೆ ಸಮೀಪದಲ್ಲಿ ಏಳುತ್ತಿದ್ದ ಎರಡಂತಸ್ತಿನ ಕಟ್ಟಡವೊಂದರಲ್ಲಿ. ಯಾರ ಕಟ್ಟಡ, ಯಾರ ಗುತ್ತಿಗೆ ಎಂಬುದು ಇಲ್ಲಿ ಬೇಡ. ಲೆಕ್ಕವು ನಿಮಗೆ ಸುಲಭವಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇವೆ. ಕಟ್ಟಡಕ್ಕೆ 24 ಕಂಬಗಳು, ಸಾಲಿಗೆ ಆರರಂತೆ ನಾಲ್ಕು ಸಾಲು. ಪ್ರತಿ ಕಂಬದ ಕೆಳಗೆ ಒಂದು ಗುಂಡಿ: 2.00 ಮೀಟರು ಉದ್ದ, 2.00 ಮೀಟರು ಅಗಲ, 1.50 ಮೀಟರು ಆಳ. ಹಾಗಾದರೆ ಒಂದು ಗುಂಡಿಗೆ 6.00 ಘನ ಮೀಟರು, ಇಪ್ಪತ್ತನಾಲ್ಕಕ್ಕೆ 144.00. ಗುಂಡಿಯ ತಳದಲ್ಲಿ 10 ಸೆಂಟಿಮೀಟರು ದಪ್ಪಕ್ಕೆ ಬಡ ಕಾಂಕ್ರೀಟನ್ನು ಹಾಸಬೇಕು. ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ ಸೇರಿದ ಮಿಶ್ರಣವಾದುದರಿಂದ ಅದಕ್ಕೆ ಬಡ ಕಾಂಕ್ರೀಟೆಂಬ ಹೆಸರು. ಮೇಸ್ತ್ರಿಗಳ ಬಾಯಲ್ಲಿ ಅದು ಪಿ.ಸಿ.ಸಿ. ಇದು ಗುಂಡಿಗೆ 0.40, ಒಟ್ಟು 9.60 ಘನ ಮೀಟರು. ಅದರ ಮೇಲೆ ಸಲಾಕೆಯ ಜಾಲವಿಟ್ಟು ಒಳ್ಳೆಯ ಕಾಂಕ್ರೀಟಿನ ಪಾದ, ಅಂದರೆ ಫೂಟಿಂಗು: 1.60 ಮೀಟರು ಚೌಕ, 0.50 ಮೀಟರು ದಪ್ಪ. ಇದು ಒಂದಕ್ಕೆ 1.28, ಒಟ್ಟು 30.72 ಘನ ಮೀಟರು. ಪಟ್ಟಿಯ ಈ ಮೂರು ಸಾಲುಗಳು, 144.00, 9.60, 30.72, ನಿಮ್ಮ ನೆನಪಿನಲ್ಲಿರಲಿ. ನಮ್ಮ ಕಥೆಗೆ ಇಷ್ಟು ಸಾಕು.

ವರದಿಯ ಹಾಳೆಯಲ್ಲಿ ಪ್ರತಿ ಸಾಲಿನ ಎದುರಿಗೆ ಈ ದಿನದ ಪರಿಮಾಣ, ನಿನ್ನೆಯವರೆಗಿನದು, ಎರಡರ ಮೊತ್ತ, ಪಟ್ಟಿಯ ಪರಿಮಾಣ, ಉಳಿದದ್ದು, ಶೇಕಡಾ ಎಷ್ಟಾಯಿತು ಎಂಬ ಅಂಕಣಗಳಿದ್ದವು. ಕೂಡುವುದು, ಕಳೆಯುವುದು, ಭಾಗಿಸುವುದು; ಐದನೆಯ ಇಯತ್ತೆಯ ಹುಡುಗನೂ ಮಾಡುವ ಲೆಕ್ಕ. ಕಷ್ಟವಿರುವುದು ಲೆಕ್ಕದಲ್ಲಲ್ಲ, ಮೊದಲನೆಯ ಅಂಕಣಕ್ಕೆ ಯಾವ ಅಂಕಿಯನ್ನು ತರಬೇಕೆಂಬುದರಲ್ಲಿ.

ಎರಡನೆಯ ದಿನದ ಸಂಜೆ ನಮ್ಮ ಮೊದಲನೆಯ ತಪ್ಪು ನಡೆಯಿತು. ಅಂದಿಗೆ ಎಂಟು ಗುಂಡಿಗಳು ಮುಗಿದಿದ್ದವು. ಗುಂಡಿಗಳಲ್ಲಿ ಇಳಿದು ಅಳೆಯುವುದಕ್ಕೆ ಬೇಸರಪಟ್ಟು, ಮಣ್ಣು ಸಾಗಿಸಿದ ಲಾರಿಗಳನ್ನು ಎಣಿಸಿದೆವು. ಮುಂಬಯಿಯಲ್ಲಿ ಮಣ್ಣು, ಮರಳು, ಖಡಿಗಳನ್ನು ಬ್ರಾಸ್ ಎಂಬ ಮಾನದಿಂದ ಅಳೆಯುವ ರೂಢಿಯುಂಟು. ಒಂದು ಬ್ರಾಸ್ ಎಂದರೆ ನೂರು ಘನ ಅಡಿ, ಅಂದರೆ 2.83 ಘನ ಮೀಟರು. ತೂಕ ಮತ್ತು ಅಳತೆಗಳ ಮೆಟ್ರಿಕ್ ಕಾನೂನು 1956ರಲ್ಲಿಯೇ ಬಂದಿದ್ದರೂ ಈ ಬ್ರಾಸ್ ಮಾತ್ರ ಲಾರಿಯಿಂದ ಇಳಿದೇ ಇಲ್ಲ. ಲಾರಿಗೆ ಎರಡು ಬ್ರಾಸಿನಂತೆ 11 ಸರತಿ ಹೋಗಿತ್ತು. ಗುಣಿಸಿ, 62 ಘನ ಮೀಟರು ಅಗೆತವಾಯಿತೆಂದು ಬರೆದೆವು. ನಿಜವಾಗಿ ಎಂಟು ಗುಂಡಿಗಳ ಅಳತೆ 48.00 ಮಾತ್ರ. ಉಳಿದ 14 ಘನ ಮೀಟರು ಎಲ್ಲಿಂದ ಬಂತು? ನೆಲದಲ್ಲಿ ಒತ್ತಾಗಿ ಕುಳಿತ ಮಣ್ಣನ್ನು ಅಗೆದು ಸಡಿಲಗೊಳಿಸಿದರೆ ಅದರ ನಡುವೆ ಗಾಳಿ ಸೇರಿ ಅದು ಉಬ್ಬುತ್ತದೆ. ಸಾಧಾರಣ ಮಣ್ಣಿನಲ್ಲಿ ನಾಲ್ಕರಲ್ಲೊಂದು ಪಾಲಿನಷ್ಟು ಉಬ್ಬಿದರೂ ಆಶ್ಚರ್ಯವಿಲ್ಲ. ಮೇಲಾಗಿ ಕೊನೆಯ ಲಾರಿ ಅರ್ಧವೇ ತುಂಬಿದ್ದಿತು. ರಾಶಿಯನ್ನು ಅಳೆಯಬಾರದು, ಗುಂಡಿಯನ್ನು ಅಳೆಯಬೇಕು. ನಮ್ಮ ಹಿರಿಯ ಎಂಜಿನಿಯರು ಹಾಳೆಯನ್ನು ನೋಡಿ, ಏನೂ ಮಾತನಾಡದೆ, ಟೇಪನ್ನು ತಂದು ನಮ್ಮ ಮುಂದಿಟ್ಟು ಹೋದರು.

ಮರುದಿನದಿಂದ ಗುಂಡಿಗೆ ಇಳಿದೇ ಬರೆಯತೊಡಗಿದೆವು. ಮೂರನೆಯ ದಿನದ ಕೊನೆಗೆ ಹನ್ನೆರಡು ಗುಂಡಿಗಳು, 72.00 ಘನ ಮೀಟರು, ಪಟ್ಟಿಯ ಸರಿಯಾಗಿ ಅರ್ಧ. ಇದರಲ್ಲಿ ಐದನೆಯ ಗುಂಡಿಯ ವಿಷಯ ಮಾತ್ರ ಸ್ವಲ್ಪ ವಕ್ರವಾಗಿತ್ತು. ಅದನ್ನು ಮುಂದೆ ಹೇಳುತ್ತೇವೆ.

ನಾಲ್ಕನೆಯ ದಿನ ಮೂರನೆಯ ಸಾಲನ್ನು ಹಿಡಿದರು. ಅಗೆಯುವ ತಂಡದವರು ಕಲಬುರಗಿಯ ಕಡೆಯವರು; ಮುಂಬಯಿಯ ಎಷ್ಟೋ ಪಾಯಗಳನ್ನು ತೋಡಿದವರು ನಮ್ಮ ಆ ಸೀಮೆಯವರೇ. ಹದಿಮೂರನೆಯ ಗುಂಡಿ ಒಂದೂವರೆ ಮೀಟರಿಗೆ ಬಂದಾಗ ಅವರ ಮುಕಾದಮನು ನಮ್ಮನ್ನು ಕರೆದನು.

“ಸಾಹೇಬ್ರ, ಇಲ್ಲಿ ನೋಡ್ರಿ, ಹಾರಿ ತಾನ ಇಳ್ಯಾಕತ್ತದ. ನೆಲಾ ಗಟ್ಟಿ ಇಲ್ರಿ.”

ಕೆಳಗಿಳಿದು ನೋಡಿದೆವು. ಹಿಂದಿನ ಹನ್ನೆರಡು ಗುಂಡಿಗಳ ತಳದಲ್ಲಿ ಹಾರೆ ಹಾಕಿದರೆ ಕೈ ಜುಮ್ಮೆನ್ನುವಂಥ ಗಟ್ಟಿ ಮುರುಮು, ಅಂದರೆ ಗರಸು ನೆಲ ಸಿಕ್ಕಿದ್ದಿತು. ಇಲ್ಲಿ ಕಪ್ಪು ಮಣ್ಣು, ಇಟ್ಟಿಗೆಯ ಚೂರು, ಕೊಳೆತ ಗೋಣಿಯ ತುಂಡು. ಒಂದು ಕಾಲದಲ್ಲಿ ಅಲ್ಲೊಂದು ನಾಲೆ ಹರಿಯುತ್ತಿದ್ದು, ಅದನ್ನು ತುಂಬಿ ಸಮಮಾಡಿದ್ದರೆಂದು ಆಮೇಲೆ ತಿಳಿಯಿತು. ನಿವೇಶನದ ಎರಡು ಮೂಲೆಗಳಲ್ಲಿ ಮೊದಲೇ ತೋಡಿ ಪರೀಕ್ಷಿಸಿದ್ದರು. ನಾಲೆ ಆ ಎರಡು ಗುಂಡಿಗಳ ನಡುವೆ ಹಾದುಹೋಗಿತ್ತು. ಪಟ್ಟಿಯ ಪರಿಮಾಣವು ಅಂದಾಜೆಂದು ನಾವು ಹೇಳಿದುದರ ಅರ್ಥ ಇದು. ಪಟ್ಟಿ ಮಾಡಿದವರ ಗುಣಾಕಾರದಲ್ಲಿ ಏನೂ ತಪ್ಪಿರಲಿಲ್ಲ.

ವಿನ್ಯಾಸ ಮಾಡಿದ ಎಂಜಿನಿಯರನ್ನು ಕರೆಸಿ ತೋರಿಸಬೇಕಾಯಿತು. ಅವರು ಬರುವವರೆಗೆ ತಂಡವು ಸುಮ್ಮನೆ ಕೂರದೆ ನಾಲ್ಕನೆಯ ಸಾಲಿಗೆ ಹೋಗಿ ಹತ್ತೊಂಬತ್ತನೆಯ ಗುಂಡಿಯನ್ನು ತೋಡಿ ಮುಗಿಸಿತು. ಅವರು ಬಂದು, ಹಾರೆಯಿಂದ ತಾವೇ ಚುಚ್ಚಿ ನೋಡಿ, ಗಟ್ಟಿ ನೆಲ ಸಿಕ್ಕುವವರೆಗೆ ಇಳಿಯಬೇಕೆಂದೂ, ಹೆಚ್ಚಾದ ಆಳವನ್ನು ಬಡ ಕಾಂಕ್ರೀಟಿನಿಂದಲೇ ತುಂಬಿ ಮೇಲಕ್ಕೆ ತರಬೇಕೆಂದೂ ಸ್ಥಳದ ಆಜ್ಞಾಪುಸ್ತಕದಲ್ಲಿ ಬರೆದು ಸಹಿ ಮಾಡಿದರು. ಮಗ್ಗುಲಿಗೆ ಹಲಗೆಯ ಆಸರೆ ಕೊಟ್ಟು ಇನ್ನೂ 0.60 ಮೀಟರು ತೋಡಿದ ಮೇಲೆ ಮುರುಮು ಸಿಕ್ಕಿತು.

ಇಂಥ ಆಳವನ್ನು ಬರಿಯ ಟೇಪು ಬಿಟ್ಟು ಅಳೆದರೆ ಸಾಲದು, ಏಕೆಂದರೆ ಗುಂಡಿಯ ಬಾಯಿಯ ಅಂಚಿನಲ್ಲಿ ಅಗೆದ ಮಣ್ಣು ಬಿದ್ದು ನೆಲದ ಮಟ್ಟವೇ ಮರೆಯಾಗಿರುತ್ತದೆ. ಅದಕ್ಕಾಗಿ ಲೆವೆಲ್ ಯಂತ್ರ. ಸಮೀಪದ ಹಳೆಯ ಕಲ್ಲುಕಟ್ಟೆಯೊಂದರ ಮೇಲೆ ಬಣ್ಣದ ಗುರುತು ಹಾಕಿ ಅದರ ಮಟ್ಟವನ್ನು 10.000 ಎಂದು ಇಟ್ಟುಕೊಂಡಿದ್ದೆವು. ಅಗೆಯುವುದಕ್ಕೆ ಮುಂಚೆ ನಿವೇಶನದ ನೆಲವೂ ಅದೇ ಮಟ್ಟದಲ್ಲಿದ್ದಿತು. ಗುರುತಿನ ಮೇಲೆ ಅಳತೆಗೋಲು ನಿಲ್ಲಿಸಿ ಯಂತ್ರದಲ್ಲಿ ನೋಡಿದರೆ 1.250, ಆದುದರಿಂದ ಯಂತ್ರದ ದೃಷ್ಟಿರೇಖೆಯ ಎತ್ತರ 11.250. ಗುಂಡಿಯ ತಳದಲ್ಲಿ ನಿಲ್ಲಿಸಿದಾಗ ಕಂಡದ್ದು 3.350, ತಳದ ಮಟ್ಟ 7.900. ಹತ್ತರಿಂದ ಕಳೆದರೆ ಆಳ 2.10 ಮೀಟರು. ಎಂದ ಮೇಲೆ ಹದಿಮೂರನೆಯ ಗುಂಡಿ 6.00 ಅಲ್ಲ, 8.40 ಘನ ಮೀಟರು. ಈ ಮೂರು ಅಂಕಿಗಳನ್ನೂ ಆಜ್ಞೆಯ ಪುಟದ ಸಂಖ್ಯೆಯನ್ನೂ ವರದಿಯ ಷರಾ ಅಂಕಣದಲ್ಲಿ ಬರೆದೆವು. ಇದೊಂದನ್ನು ಮಾತ್ರ ನಾವು ಮೊದಲಿನಿಂದಲೂ ಸರಿಯಾಗಿ ಮಾಡಿದೆವೆಂದು ಹೇಳಿಕೊಳ್ಳಬಹುದು.

ಆ ಸಂಜೆಯ ಅಗೆತದ ಸಾಲು ಹೀಗಿತ್ತು: ಈ ದಿನ 14.40, ನಿನ್ನೆಯವರೆಗೆ 72.00, ಒಟ್ಟು 86.40, ಪಟ್ಟಿಯಲ್ಲಿ 144.00, ಉಳಿದದ್ದು 57.60, ಮುಗಿದದ್ದು ಶೇಕಡಾ 60. ಎಲ್ಲವೂ ಸರಿಯಾಗಿಯೇ ಕಾಣುತ್ತದೆಯಲ್ಲವೆ? ಈಗ ಗುಂಡಿಗಳನ್ನು ಎಣಿಸಿ. ಇಪ್ಪತ್ತನಾಲ್ಕರಲ್ಲಿ ಮುಗಿದವು ಹದಿನಾಲ್ಕು, ಅಂದರೆ ಶೇಕಡಾ 58.33. ಎರಡು ಲೆಕ್ಕಗಳ ನಡುವೆ ಒಂದೂ ಮುಕ್ಕಾಲರಷ್ಟು ಮಾತ್ರ ಅಂತರ. ಅಷ್ಟು ಸಣ್ಣದನ್ನು ಯಾರು ಗಮನಿಸುತ್ತಾರೆ? ನಾವೂ ಗಮನಿಸಲಿಲ್ಲ.

ಮುಂದಿನ ಮೂರು ದಿನಗಳಲ್ಲಿ ಆ ಸಾಲಿನ ಉಳಿದ ಐದು ಗುಂಡಿಗಳನ್ನೂ 2.10 ಮೀಟರಿಗೇ ಇಳಿಸಬೇಕಾಯಿತು. ನಾಲೆ ಸಾಲಿನುದ್ದಕ್ಕೂ ಹೋಗಿತ್ತು. ಅನಂತರ ನಾಲ್ಕನೆಯ ಸಾಲಿನಲ್ಲಿ ಇನ್ನೆರಡು ಸಾಧಾರಣ ಗುಂಡಿಗಳು ಮುಗಿದ ಸಂಜೆ ನಮ್ಮ ವರದಿಯಲ್ಲಿ ಒಟ್ಟು 140.40 ಎಂದೂ, ಮುಗಿದದ್ದು ಶೇಕಡಾ 97.5 ಎಂದೂ, ಉಳಿದದ್ದು 3.60 ಘನ ಮೀಟರು ಎಂದೂ ಬಂತು. ಹಾಳೆ ಮಾಲೀಕರ ಕಚೇರಿಗೆ ಹೋಯಿತು. ಒಂದು ಗುಂಡಿಗಿಂತಲೂ ಕಡಿಮೆ ಕೆಲಸ ಉಳಿದಿದೆಯೆಂದು ತಿಳಿದು, ಅವರು ಮರುದಿನ ಬೆಳಿಗ್ಗೆಯೇ ಪಾದಗಳ ಅಚ್ಚಿನ ಹಲಗೆ ಕೂಡಿಸುವ ಬಡಗಿಗಳನ್ನು ಕಳಿಸಿಬಿಟ್ಟರು. ಬಡಗಿಗಳು ಬಂದು ನೋಡುತ್ತಾರೆ, ಮೂರು ಗುಂಡಿಗಳನ್ನು ಇನ್ನೂ ತೋಡಿಯೇ ಇಲ್ಲ! ಉಳಿದ ಅಗೆತ 3.60 ಅಲ್ಲ, 18.00 ಘನ ಮೀಟರು. ಹಲಗೆಗಳ ಮೇಲೆ ಕುಳಿತು ಅವರು ಬೀಡಿ ಸೇದಿದ ದಿನಗಳ ಕೂಲಿಯನ್ನು ಯಾರು ಕೊಡಬೇಕೆಂಬ ಮಾತು ಬಹಳ ದಿನ ನಡೆಯಿತು.

ಎಲ್ಲಿ ತಪ್ಪಿದೆವು? ಭಾಗಿಸುವ ಅಂಕಿಯೇ ಹಳೆಯದಾಗಿತ್ತು. ಆರು ಗುಂಡಿಗಳು ಆಳವಾದ ಕೂಡಲೆ ಅಗೆತದ ಕೊನೆಯ ಮೊತ್ತ 144.00 ಆಗಿ ಉಳಿಯಲಿಲ್ಲ, ಅದು 158.40 ಆಯಿತು. 140.40ನ್ನು ಇದರಿಂದ ಭಾಗಿಸಿದರೆ ಶೇಕಡಾ 88.6, ಗುಂಡಿಗಳ ಎಣಿಕೆ ಹೇಳುವ 87.5ಕ್ಕೆ ಅದು ಹತ್ತಿರವಾಗಿಯೇ ಇದೆ. ಉಳಿದದ್ದನ್ನು ಪಟ್ಟಿಯಿಂದ ಕಳೆದು ಪಡೆಯಬಾರದು. ನಕ್ಷೆಯನ್ನು ಮುಂದಿಟ್ಟುಕೊಂಡು ಇನ್ನೂ ಮಾಡಬೇಕಾದ ಕೆಲಸವನ್ನು ಹೊಸದಾಗಿ ಅಳೆದು, ಅದನ್ನು ಆದ ಕೆಲಸಕ್ಕೆ ಕೂಡಿಸಿ, “ಕೊನೆಗೆ ಆಗಬಹುದಾದ ಪರಿಮಾಣ” ಎಂಬ ಒಂದು ಅಂಕಣವನ್ನು ಬರೆಯಬೇಕು. ಪಟ್ಟಿಯೊಂದಿಗೆ ಹೋಲಿಸಬೇಕಾದದ್ದು ಈ ಅಂಕಣವನ್ನು. ನಮ್ಮ ಹಾಳೆಯಲ್ಲಿ ಆ ಅಂಕಣವೇ ಇರಲಿಲ್ಲ. ಮರುದಿನ ರೂಲುಕೋಲು ಹಿಡಿದು ಅಂಚಿನಲ್ಲಿ ಗೆರೆ ಎಳೆದು ಸೇರಿಸಿದೆವು.

ಬಡಗಿಗಳ ಕೂಲಿ ಸಣ್ಣ ಸಂಗತಿ. ಇದಕ್ಕಿಂತ ದೊಡ್ಡದೊಂದು ಅದೇ ಹಾಳೆಯ ಮುಂದಿನ ಸಾಲಿನಲ್ಲಿ ಅಡಗಿತ್ತು.

ಅಗೆತ ಹೆಚ್ಚಾದದ್ದು 14.40 ಘನ ಮೀಟರು, ಪಟ್ಟಿಗಿಂತ ಶೇಕಡಾ ಹತ್ತು. ಇಷ್ಟು ಏರಿಳಿತ ಯಾವ ಕಟ್ಟಡದಲ್ಲಿಯೂ ಉಂಟು. ಆದರೆ ಹೆಚ್ಚಾಗಿ ತೋಡಿದ ಆ ಆಳವನ್ನೆಲ್ಲ ಬಡ ಕಾಂಕ್ರೀಟಿನಿಂದ ತುಂಬಬೇಕೆಂದು ಆಜ್ಞೆಯಾಗಿತ್ತಲ್ಲವೆ? ಒಂದು ಗುಂಡಿಗೆ 2.00 ಅನ್ನು 2.00 ರಿಂದ, ಮತ್ತೆ 0.60 ರಿಂದ ಗುಣಿಸಿದರೆ 2.40 ಘನ ಮೀಟರು. ಪಟ್ಟಿಯಲ್ಲಿ ಇಡೀ ಕಟ್ಟಡಕ್ಕೆ ಇದ್ದ ಬಡ ಕಾಂಕ್ರೀಟು 9.60. ಎಂದರೆ ಹದಿಮೂರನೆಯ ಗುಂಡಿಯೊಂದೇ ಇಪ್ಪತ್ತನಾಲ್ಕು ಗುಂಡಿಗಳ ಪಾಲಿನಲ್ಲಿ ಕಾಲುಭಾಗವನ್ನು ನುಂಗಿತು. ಆರು ಗುಂಡಿಗಳಿಗೆ 14.40 ಹೆಚ್ಚಾಗಿ, ಒಟ್ಟು 24.00 ಬೇಕಾಯಿತು, ಪಟ್ಟಿಯ ಎರಡೂವರೆ ಪಟ್ಟು! ಅಗೆತದ ಸಾಲಿನಲ್ಲಿ ಶೇಕಡಾ ಹತ್ತಾಗಿ ಕಂಡದ್ದು ಕಾಂಕ್ರೀಟಿನ ಸಾಲಿನಲ್ಲಿ ಶೇಕಡಾ ನೂರೈವತ್ತು. ಮಣ್ಣು ತೋಡುವ ದರಕ್ಕಿಂತ ಕಾಂಕ್ರೀಟಿನ ದರ ಹಲವು ಪಟ್ಟು ಹೆಚ್ಚೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದನ್ನು ವರದಿ ತೋರಿಸಿತೆ? ತೋರಿಸಲಿಲ್ಲ. ಆ ದಿನಗಳಲ್ಲಿ ಬಡ ಕಾಂಕ್ರೀಟನ್ನು ಇನ್ನೂ ಸುರಿದೇ ಇರಲಿಲ್ಲ. ಆದ್ದರಿಂದ ಆ ಸಾಲಿನಲ್ಲಿ ಈ ದಿನ ಸೊನ್ನೆ, ಒಟ್ಟು ಸೊನ್ನೆ, ಉಳಿದದ್ದು 9.60 ಎಂದೇ ಪ್ರತಿದಿನವೂ ಬರೆಯುತ್ತ ಬಂದಿದ್ದೆವು. ಪ್ರತಿಯೊಂದು ಅಂಕಿಯೂ ನಿಜ. ಹಾಳೆ ಮಾತ್ರ ಸುಳ್ಳು. ನಾಲ್ಕನೆಯ ದಿನ ಆಜ್ಞಾಪುಸ್ತಕದಲ್ಲಿ ಸಹಿ ಬಿದ್ದ ಗಳಿಗೆಯಲ್ಲಿಯೇ ನಮಗೆ ಇದು ತಿಳಿಯಬೇಕಾಗಿತ್ತು. ಅಗೆತದ ಸಾಲಿನಲ್ಲಿ ಬರೆದ 0.60 ಮೀಟರು ಕೆಳಗಿನ ಸಾಲಿಗೆ ಏನು ಮಾಡುತ್ತದೆಂದು ಒಮ್ಮೆ ಯೋಚಿಸಿದ್ದರೆ, ಅಂದೇ ಕೊನೆಗೆ ಆಗಬಹುದಾದ ಪರಿಮಾಣ ಕನಿಷ್ಠ 12.00 ಎಂದೂ, ಸಾಲೆಲ್ಲ ಹೀಗೆಯೇ ಇದ್ದರೆ 24.00 ಎಂದೂ ಬರೆಯಬಹುದಾಗಿತ್ತು.

ತಡವಾದುದರ ಫಲ ಕೂಡಲೆ ಕಂಡಿತು. ಕರಾರುಗಳಲ್ಲಿ ಒಂದು ಮಿತಿಯಿರುತ್ತದೆ; ಯಾವುದಾದರೂ ಸಾಲಿನ ಪರಿಮಾಣ ಪಟ್ಟಿಗಿಂತ ಆ ಮಿತಿಯನ್ನು ಮೀರಿ ಬೆಳೆದರೆ ಮಾಲೀಕರ ಒಪ್ಪಿಗೆ ಬೇಕು, ಕೆಲವೊಮ್ಮೆ ದರವನ್ನೇ ಹೊಸದಾಗಿ ಗೊತ್ತುಮಾಡಬೇಕು. ಮಿತಿ ಎಷ್ಟೆಂಬುದು ಕರಾರಿನಿಂದ ಕರಾರಿಗೆ ಬೇರೆ. ಎರಡೂವರೆ ಪಟ್ಟಾದದ್ದು ನಮ್ಮ ಕರಾರಿನ ಮಿತಿಯ ಹೊರಗೆ ಹೋಗಿತ್ತು. ಸಿಮೆಂಟೂ ಇರಲಿಲ್ಲ. ಈ ಮಿಶ್ರಣಕ್ಕೆ ಘನ ಮೀಟರಿಗೆ 50 ಕಿಲೋಗ್ರಾಮಿನ ಸುಮಾರು 3.4 ಚೀಲ ಬೇಕು. ಕೊಠಡಿಯಲ್ಲಿ 9.60ಕ್ಕೆಂದು ತರಿಸಿಟ್ಟದ್ದು 33 ಚೀಲ, ಬೇಕಾದದ್ದು 82. ಒಪ್ಪಿಗೆಯ ಕಾಗದ ತಿರುಗಿ ಬರುವವರೆಗೆ ಗುಂಡಿಗಳು ಬಾಯಿ ತೆರೆದುಕೊಂಡೇ ಇದ್ದವು. ಮೇ ತಿಂಗಳ ಕೊನೆ. ಮುಂಗಾರಿಗೆ ಮುಂಚಿನ ಮಳೆಯೊಂದು ಒಂದು ರಾತ್ರಿ ಬಿದ್ದೇ ಬಿದ್ದಿತು. ಬೆಳಿಗ್ಗೆ ನೋಡಿದಾಗ ಎರಡು ಗುಂಡಿಗಳ ಮಗ್ಗುಲು, ಹಲಗೆಯ ಆಸರೆಯನ್ನೂ ತಳ್ಳಿಕೊಂಡು ಕುಸಿದಿದ್ದಿತು. ಅದು ರಾತ್ರಿಯಾದುದರಿಂದ ಒಳಗೆ ಯಾರೂ ಇರಲಿಲ್ಲ. ಹಿಂದಿನ ಮಧ್ಯಾಹ್ನ ಅದೇ ಗುಂಡಿಯೊಳಗೆ ನಿಂತು ನಾವೂ ಆ ಮುಕಾದಮನೂ ಟೇಪು ಹಿಡಿದಿದ್ದೆವು. ಇಂದಿಗೂ ಮೇ ತಿಂಗಳಿನಲ್ಲಿ ಮೋಡ ಕವಿದರೆ ನಮಗೆ ಆ ಗುಂಡಿಯ ನೆನಪಾಗುತ್ತದೆ.

ನೀರನ್ನು ಪಂಪಿನಿಂದ ಎತ್ತಿ, ಕೆಸರಾದ ತಳವನ್ನು ಕೆರೆದು, ಮತ್ತೆ ಲೆವೆಲ್ ನೋಡಿ, ಕಡೆಗೆ ಬಡ ಕಾಂಕ್ರೀಟನ್ನು ಸುರಿದದ್ದಾಯಿತು.

ಈಗ ಐದನೆಯ ಗುಂಡಿಯ ವಿಷಯಕ್ಕೆ ಬರೋಣ. ಅಲ್ಲಿ ನೆಲ ಗಟ್ಟಿಯಾಗಿಯೇ ಇದ್ದಿತು. ತಂಡದವರು ಗುರುತನ್ನು ತಪ್ಪಿ ನೋಡಿ 0.20 ಮೀಟರು ಹೆಚ್ಚಾಗಿ ತೋಡಿಬಿಟ್ಟಿದ್ದರು. ಹೆಚ್ಚಾಗಿ ತೋಡಿದ ಗುಂಡಿಗೆ ತೆಗೆದ ಮಣ್ಣನ್ನೇ ಮತ್ತೆ ಹಾಕಿ ತುಳಿಯುವಂತಿಲ್ಲ. ಅದು ಮುಂದೆ ಕುಸಿಯುತ್ತದೆ. ಬಡ ಕಾಂಕ್ರೀಟಿನಿಂದಲೇ ತುಂಬಬೇಕು. ಹಾಗೆ ತುಂಬಿದ್ದು 0.80 ಘನ ಮೀಟರು. ಕಾಂಕ್ರೀಟು ಗಟ್ಟಿಯಾದ ಮೇಲೆ ಮೇಲಿನಿಂದ ನೋಡಿದರೆ ಐದನೆಯ ಗುಂಡಿಯೂ ಹದಿಮೂರನೆಯದೂ ಒಂದೇ ರೀತಿ. ಎರಡರಲ್ಲಿಯೂ ಬೂದುಬಣ್ಣದ ಚೌಕ. ಆದರೆ ಹದಿಮೂರನೆಯದರ ಹೆಚ್ಚುಕೆಲಸ ಆಜ್ಞೆಯಿಂದ ಆದದ್ದು, ಅದಕ್ಕೆ ಹಣ ಸಲ್ಲಬೇಕು. ಐದನೆಯದು ತಪ್ಪಿನಿಂದ ಆದದ್ದು, ಅದರ ಖರ್ಚು ಗುತ್ತಿಗೆದಾರನದೇ. ನಮ್ಮ ದೇಶದಲ್ಲಿ ಕಟ್ಟಡದ ಕೆಲಸಗಳನ್ನು ಅಳೆಯುವ ಕ್ರಮವನ್ನು ಐ.ಎಸ್. 1200 ಎಂಬ ಮಾನಕವು ಹೇಳುತ್ತದೆ. ನಕ್ಷೆಯಲ್ಲಿ ತೋರಿಸಿದ ಅಥವಾ ಅಧಿಕಾರವುಳ್ಳವರು ಆಜ್ಞಾಪಿಸಿದ ಅಳತೆಗೇ ಹಣವೆಂಬುದು ಪಾಯದ ಅಗೆತದಲ್ಲಿ ನಡೆದುಬಂದ ಪದ್ಧತಿ.

ಬಿಲ್ಲು ಬಂದಾಗ ಬಡ ಕಾಂಕ್ರೀಟು 24.80 ಎಂದಿತ್ತು. ಗುತ್ತಿಗೆದಾರನ ಗುಮಾಸ್ತನು ಮೋಸ ಮಾಡಿದನೆಂದು ನಾವು ಹೇಳುವುದಿಲ್ಲ. ಸುರಿದದ್ದು ನಿಜವಾಗಿಯೂ ಅಷ್ಟೇ. ಅವನು ತನ್ನ ಸಿಮೆಂಟಿನ ಪುಸ್ತಕವನ್ನು ನೋಡಿ ಬರೆದಿದ್ದನು. ಎರಡನೆಯ ದಿನದ ವರದಿಯನ್ನು ತೆಗೆದು ತೋರಿಸಿದೆವು. ಲಾರಿ ಎಣಿಸಿ ಬರೆದ ಅಂಕಿಯನ್ನು ಹೊಡೆದುಹಾಕಿ, ಮರುದಿನ ಬೆಳಿಗ್ಗೆ ಅಳೆದು ತಿದ್ದಿ ಬರೆದ ಅದೇ ಹಾಳೆ. ಅದರ ಷರಾದಲ್ಲಿ “ಗುಂಡಿ 5: ತಳದ ಮಟ್ಟ 8.300, ಆಳ 1.70, ಆಜ್ಞೆಯಿಲ್ಲ, ಲೆಕ್ಕಕ್ಕೆ 1.50 ಮಾತ್ರ” ಎಂದಿದ್ದು, ಕೆಳಗೆ ಗುತ್ತಿಗೆದಾರನ ಮೇಲ್ವಿಚಾರಕನ ಸಹಿಯೂ ಇತ್ತು. ಮಾತು ಐದು ನಿಮಿಷಕ್ಕೆ ಮುಗಿಯಿತು. ಈಗಿನ ಎಂಜಿನಿಯರುಗಳು ಗುಂಡಿಯಲ್ಲಿ ಅಳತೆಗೋಲನ್ನು ನಿಲ್ಲಿಸಿ ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದಿಡುತ್ತಾರೆ. ಒಳ್ಳೆಯದೇ, ಆದರೆ ಚಿತ್ರದಲ್ಲಿ ಗುಂಡಿಯ ಸಂಖ್ಯೆ ಕಾಣದಿದ್ದರೆ ಅದು ಯಾವ ಗುಂಡಿಯೂ ಆಗಬಹುದು.

ಪಾದಗಳ ಕಾಂಕ್ರೀಟಿನಲ್ಲಿ ಅಳತೆಗೆ ಇನ್ನೊಂದು ಸಾಕ್ಷಿಯನ್ನೂ ಜೊತೆಗಿಟ್ಟುಕೊಂಡೆವು. ಅಚ್ಚಿನ ಹಲಗೆಯೊಳಗಿನ ಅಳತೆ ನಮ್ಮ ಕೈಯಲ್ಲಿರುತ್ತದೆ: ದಿನಕ್ಕೆ ಆರು ಪಾದಗಳಾದರೆ 7.68 ಘನ ಮೀಟರು. ಒಂದಕ್ಕೆ ಒಂದೂವರೆ, ಮೂರು ಎಂಬ ಮಿಶ್ರಣಕ್ಕೆ ಘನ ಮೀಟರಿಗೆ ಸುಮಾರು ಎಂಟು ಚೀಲ ಸಿಮೆಂಟು ಹಿಡಿಯುತ್ತದೆ. ಆದುದರಿಂದ ಆ ದಿನ ಸುಮಾರು 62 ಚೀಲ ಖರ್ಚಾಗಿರಬೇಕು. ಸಂಜೆ ಕೊಠಡಿಯಲ್ಲಿ ಖಾಲಿ ಚೀಲಗಳನ್ನು ಎಣಿಸುವುದು. ಒಂದೆರಡು ಚೀಲ ಅತ್ತಿತ್ತ ಆದರೆ ಚಿಂತೆಯಿಲ್ಲ. ಎಪ್ಪತ್ತಾದರೆ ಎಲ್ಲಿಯೋ ಹಲಗೆ ಬಿರಿದು ಕಾಂಕ್ರೀಟು ಹೊರಗೆ ಹರಿದಿದೆ, ಇಲ್ಲವೆ ಚೀಲ ಬೇಲಿ ದಾಟಿದೆ. ಐವತ್ತನಾಲ್ಕೇ ಆದರೆ ಅದು ಉಳಿತಾಯವಲ್ಲ, ಭಯಪಡಬೇಕಾದ ಸಂಗತಿ: ಪಾದಗಳ ಅಳತೆ ಸರಿಯಾಗಿದ್ದು ಸಿಮೆಂಟು ಕಡಿಮೆಯಾಗಿದೆಯೆಂದರೆ ಕಾಂಕ್ರೀಟೇ ತೆಳುವು. ಪ್ರಗತಿಯ ಅಂಕಣದಲ್ಲಿ ಎರಡು ದಿನಗಳೂ ಒಂದೇ 7.68. ನಮ್ಮಲ್ಲಿ ಒಂದು ದಿನ 57 ಬಂತು. ವಿಚಾರಿಸಿದಾಗ ಐದು ಚೀಲಗಳನ್ನು ಹಿಂದಿನ ದಿನವೇ ಬಿಚ್ಚಿ ಯಂತ್ರದ ಬಳಿ ಇಟ್ಟಿದ್ದರೆಂದು ತಿಳಿದು ಉಸಿರು ಬಿಟ್ಟೆವು. ಈಗ ಮುಂಬಯಿಯಲ್ಲಿ ಬಹುಮಟ್ಟಿಗೆ ಸಿದ್ಧ ಕಾಂಕ್ರೀಟು ತಿರುಗುವ ಡ್ರಮ್ಮಿನ ಲಾರಿಗಳಲ್ಲಿ ಬರುತ್ತದೆ. ಚೀಲಗಳ ಬದಲು ಲಾರಿಯ ಚಲನ್‌ನಲ್ಲಿ ಬರೆದ ಘನ ಮೀಟರನ್ನು ಹಲಗೆಯ ಅಳತೆಯೊಂದಿಗೆ ತಾಳೆ ನೋಡುತ್ತಾರೆ. ಚೀಲದ ಎಣಿಕೆಯಂತೆ ಅದು ತೆಳುವು ಕಾಂಕ್ರೀಟನ್ನು ಹಿಡಿದುಕೊಡಲಾರದು. ಅದಕ್ಕೆ ಕಾಂಕ್ರೀಟಿನ ಘನಗಳನ್ನು ಅಚ್ಚುಹಾಕಿ 28 ದಿನ ಕಾಯ್ದು ಒತ್ತಿ ಪರೀಕ್ಷಿಸಬೇಕು.

ಸಲಾಕೆ ಕಟ್ಟಿ ಹಲಗೆ ಕೂಡಿಸಿ, ಕಾಂಕ್ರೀಟು ಸುರಿಯದೆ ಉಳಿದ ಪಾದಕ್ಕೆ ಕಾಂಕ್ರೀಟಿನ ಸಾಲಿನಲ್ಲಿ ಏನು ಬರೆಯಬೇಕೆಂದು ನಮ್ಮ ಕೈಕೆಳಗೆ ಬಂದ ಹುಡುಗರು ಕೇಳುವುದುಂಟು, “ಅರ್ಧ ಬರೆಯೋಣವೆ?” ಎನ್ನುತ್ತಾರೆ. ಸೊನ್ನೆ ಬರೆಯಬೇಕು. ಸಲಾಕೆಗೂ ಹಲಗೆಗೂ ಪಟ್ಟಿಯಲ್ಲಿ ಬೇರೆ ಸಾಲುಗಳಿವೆ. ಅವರ ದುಡಿಮೆ ಅಲ್ಲಿ ಸೇರುತ್ತದೆ.

ಜೂನ್ ತಿಂಗಳ ಮೊದಲ ವಾರದಲ್ಲಿ ಪಾಯದ ಕೊನೆಯ ವರದಿಯನ್ನು ಬರೆದೆವು. ಅಗೆತ: ಪಟ್ಟಿಯಲ್ಲಿ 144.00, ಆದದ್ದು 158.40. ಬಡ ಕಾಂಕ್ರೀಟು: ಪಟ್ಟಿಯಲ್ಲಿ 9.60, ಆದದ್ದು 24.00. ಪಾದಗಳ ಕಾಂಕ್ರೀಟು: ಪಟ್ಟಿಯಲ್ಲಿ 30.72, ಆದದ್ದು 30.72. ಮೂರನೆಯ ಸಾಲು ಒಂದು ಬಿಂದುವೂ ಕದಲದೆ ಇದ್ದುದನ್ನು ಕಂಡು, ನೋಡದೆಯೇ ಪಟ್ಟಿಯಿಂದ ನಕಲು ಮಾಡಿದಿರೋ ಎಂದು ಮಾಲೀಕರ ಕಡೆಯವರು ಕೇಳಿದರು. ಹಾಗಲ್ಲವೆಂದು ಹೇಳಿದೆವು. ನೆಲ ಎಷ್ಟು ಕೆಳಗೆ ಸಿಕ್ಕಿದರೂ ಬಡ ಕಾಂಕ್ರೀಟಿನಿಂದ ಅದೇ ಮಟ್ಟಕ್ಕೆ ತಂದ ಮೇಲೆ ಪಾದವನ್ನು ಕೂಡಿಸಿದ್ದು. ಅದರ ಉದ್ದ, ಅಗಲ, ದಪ್ಪ ಎಲ್ಲ ಗುಂಡಿಗಳಲ್ಲಿಯೂ ಒಂದೇ. ಇಪ್ಪತ್ತನಾಲ್ಕು ಪಾದಗಳ ಅಳತೆಯ ಪುಟಗಳನ್ನು ಬಿಡಿಸಿ ಅವರ ಮುಂದಿಟ್ಟೆವು. ಅವರು ಎರಡನ್ನು ಆರಿಸಿ, ಟೇಪು ತರಿಸಿ, ಮಣ್ಣು ಮುಚ್ಚುವುದಕ್ಕೆ ಮುಂಚೆ ತಾವೇ ಅಳೆದು ನೋಡಿದರು.